20 ವಹಿವಾಟು, ಒಂದು ಸೂತ್ರ, ಶಿರಾಡಿ ಘಾಟಿ

ಪರದೆಯ ಮೇಲಿರುವುದು ನನ್ನ ಕಳೆದ 20 ಷೇರು ವಹಿವಾಟುಗಳ ಪಟ್ಟಿ. ದಲ್ಲಾಳಿ ಶುಲ್ಕ, ತೆರಿಗೆ ಎಲ್ಲವನ್ನೂ ಕಳೆದ ಮೇಲಿನ ಮೊತ್ತಗಳಿವು. 9ರಲ್ಲಿ ಲಾಭ, 11ರಲ್ಲಿ ನಷ್ಟ. ಗೆಲುವಿನ ಪ್ರಮಾಣ ಶೇ 45. ಗೆದ್ದಾಗ ಸರಾಸರಿ ₹1,400 ಬಂದಿದೆ, ಸೋತಾಗ ಸರಾಸರಿ ₹800 ಹೋಗಿದೆ.

```
0.45 × 1400 − 0.55 × 800 = 190
```

ಅಂದರೆ ಒಂದು ವಹಿವಾಟಿಗೆ ಸರಾಸರಿ ₹190 ಗಳಿಕೆ. ಇದನ್ನೇ ಎಕ್ಸ್‌ಪೆಕ್ಟೆನ್ಸಿ ಎನ್ನುತ್ತಾರೆ. ಅರ್ಧಕ್ಕಿಂತ ಹೆಚ್ಚು ಸಲ ಸೋತೂ ಲಾಭ! ಗೆಲುವಿನ ಪ್ರಮಾಣವೊಂದನ್ನೇ ಹಿಡಿದು ಮೆರೆಯುವವರ ಮಾತಿಗೆ ಕಿವಿಗೊಡಬೇಡಿ.

ಈಗ ಹಳದಿ ಬಣ್ಣ ಬಳಿದ ಸಾಲನ್ನು ನೋಡಿ. ಲಾಭ ₹5,600. ಇದು ನನ್ನನ್ನು ವಾರದಿಂದ ಕಾಡುತ್ತಿದೆ. ನನ್ನ ನಿಯಮದಂತೆ ಆ ಷೇರನ್ನು ಅಂದು ಮಧ್ಯಾಹ್ನವೇ, ಸುಮಾರು ₹1,100 ಲಾಭಕ್ಕೆ ಮಾರಬೇಕಿತ್ತು. ಆಗ ನಾನು ಮಂಗಳೂರು ಬಸ್ಸಿನಲ್ಲಿ, ಶಿರಾಡಿ ಘಾಟಿಯಲ್ಲಿದ್ದೆ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಮಳೆ ಬೇರೆ, ಆ ಹಸಿರು, ಕಿಟಕಿಗೆ ಅಂಟಿಕೊಂಡ ಮಂಜು, ಒಮ್ಮೆ ಆ ದಾರಿಯ ವಿಡಿಯೊವನ್ನೇ ಹಾಕುತ್ತೇನೆ. ಸಿಗ್ನಲ್ ಬರುವಷ್ಟರಲ್ಲಿ ಮಾರುಕಟ್ಟೆ ಮುಚ್ಚಿತ್ತು. ಸಂಜೆ ಕಂಪನಿಯ ತ್ರೈಮಾಸಿಕ ಫಲಿತಾಂಶ ಬಂತು, ಮರುದಿನ ಷೇರು ಜಿಗಿದೇ ತೆರೆಯಿತು. ಆ ಹಣ ನನ್ನದು, ಸರಿ. ಆದರೆ ನನ್ನ ವಿಧಾನ ಗಳಿಸಿದ್ದಲ್ಲ, ಘಾಟಿ ಕೊಟ್ಟದ್ದು.

ಆ ಸಾಲಿನಲ್ಲಿ 1,100 ಎಂದು ಬರೆದು ಮತ್ತೆ ಲೆಕ್ಕ ಹಾಕಿದೆ. ಸರಾಸರಿ ಲಾಭ ₹1,400ರಿಂದ ₹900ಕ್ಕೆ ಇಳಿಯಿತು.

```
0.45 × 900 − 0.55 × 800 = −35
```

ಒಂದೇ ಸಾಲು ತಿದ್ದಿದ್ದಕ್ಕೆ ಗಳಿಕೆ ಹೋಗಿ ನಷ್ಟ ಬಂತು. ಹಾಗಾದರೆ ಈ ವಿಧಾನ ಕೆಟ್ಟದ್ದೇ? ನಿನ್ನೆ ರಾತ್ರಿ ಹೌದೆಂದುಕೊಂಡಿದ್ದೆ. ಬೆಳಿಗ್ಗೆ ಮತ್ತೊಂದು ಪರೀಕ್ಷೆ ಮಾಡಿದೆ. ಸರಾಸರಿಗಳನ್ನು ಹಾಗೇ ಇಟ್ಟು, 9ರ ಬದಲು 10 ಗೆಲುವು ಎಂದುಕೊಂಡರೆ ವಹಿವಾಟಿಗೆ ₹50 ಲಾಭ! ಗೆಲುವಿನ ಪ್ರಮಾಣದ ಬಗ್ಗೆ ಆಗ ಹೇಳಿದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ಅದು ಇಲ್ಲಿ ಒಂದು ವಹಿವಾಟಿನಷ್ಟು ಅಲುಗಿದರೂ ಉತ್ತರ ತಲೆಕೆಳಗಾಗುತ್ತದೆ. 20 ವಹಿವಾಟುಗಳಲ್ಲಿ ಕಂಡ ಶೇ 45 ಎಂಬುದರ ಹಿಂದಿನ ನಿಜವಾದ ಪ್ರಮಾಣ ಸುಮಾರು ಶೇ 23ರಿಂದ 67ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಈ ಅಂತರ ಅರ್ಧಕ್ಕೆ ಇಳಿಯಬೇಕಾದರೆ ವಹಿವಾಟು ನಾಲ್ಕು ಪಟ್ಟಾಗಬೇಕು, ಅಂದರೆ 80.

ಅದಕ್ಕೇ ಪಟ್ಟಿಗೆ ಹೊಸ ಕಾಲಂ ಸೇರಿಸುತ್ತಿದ್ದೇನೆ: ‘ನಿಯಮದಂತೆ ಹೊರಬಂದೆನೇ?’ ಇಲ್ಲ ಎಂದಿರುವ ಸಾಲುಗಳನ್ನು ಬೇರೆಯಾಗಿ ಲೆಕ್ಕ ಹಾಕುತ್ತೇನೆ. 80 ಆಗುವವರೆಗೆ ಒಂದೊಂದು ವಹಿವಾಟಿಗೆ ಹಾಕುವ ಹಣವನ್ನು ಹೆಚ್ಚಿಸುವುದಿಲ್ಲ. ಬ್ಯಾಟರಿ ಮುಗಿಯುತ್ತಿದೆ, 21ನೆಯದನ್ನು ಸೋಮವಾರ ತೋರಿಸುತ್ತೇನೆ.