ನೀವು ಮಾಡದ ಆರ್ಡರ್

ಕೇಳುಗರೇ, ನಮಸ್ಕಾರ.

ಒಂದು ದಿನ ಬೆಳಿಗ್ಗೆ ಏಳು ಗಂಟೆಗೆ ನಮ್ಮಕ್ಕ ಫೋನ್ ಮಾಡಿದಳು. "ನನ್ನ ಮೇಲ್‌ಗೆ ಏನೋ ಆಗಿದೆ ಕಣೋ, ರಾತ್ರಿಯಿಂದ ಸುಮ್ನೆ ಬರ್ತಾನೇ ಇವೆ" ಅಂದಳು. ಹೋಗಿ ನೋಡಿದೆ. ಇನ್‌ಬಾಕ್ಸ್‌ನಲ್ಲಿ ಆರುನೂರಕ್ಕೂ ಜಾಸ್ತಿ ಹೊಸ ಮೇಲ್‌ಗಳಿದ್ದವು. ಯಾವುದೋ ಚಪ್ಪಲಿ ಅಂಗಡಿ, ಯಾವುದೋ ತೋಟಗಾರರ ಸಂಘ, ಓದಲು ಬಾರದ ಭಾಷೆಯ ಸುದ್ದಿಪತ್ರ. ಎಲ್ಲದರಲ್ಲೂ ಒಂದೇ ಮಾತು, 'ನಮ್ಮಲ್ಲಿ ಹೆಸರು ನೋಂದಾಯಿಸಿದ್ದಕ್ಕೆ ಧನ್ಯವಾದ'. ಅಕ್ಕ ಅವನ್ನೆಲ್ಲ ಒಟ್ಟಿಗೆ ಆಯ್ಕೆ ಮಾಡಿ ಅಳಿಸಲು ಹೊರಟಿದ್ದಳು. "ತಡಿ ಅಕ್ಕ, ಒಂದನ್ನೂ ಅಳಿಸಬೇಡ" ಅಂದೆ.

ಯಾಕೆ ಅಂದರೆ, ಇಂಥ ಮೇಲ್‌ಗಳ ಮಳೆ ತಾನಾಗಿ ಸುರಿಯುವುದಿಲ್ಲ. ಯಾರೋ ನಿಮ್ಮ ಮೇಲ್ ವಿಳಾಸವನ್ನು ಒಂದು ಪ್ರೋಗ್ರಾಂಗೆ ಕೊಟ್ಟಿರುತ್ತಾರೆ. ಅದು ನೂರಾರು ವೆಬ್‌ಸೈಟ್‌ಗಳಲ್ಲಿ ನಿಮ್ಮ ಹೆಸರು ನೋಂದಾಯಿಸುತ್ತಾ ಹೋಗುತ್ತದೆ. ಆ ರಾಶಿಯ ನಡುವೆ ನಿಮ್ಮ ಕಣ್ಣಿಗೆ ಬೀಳಬಾರದ ಒಂದೇ ಒಂದು ಮೇಲ್ ಇರುತ್ತದೆ. ಅದನ್ನು ಮುಚ್ಚಲಿಕ್ಕೇ ಇಷ್ಟೆಲ್ಲ. ಹಾಗಾಗಿ ಕಸ ಗುಡಿಸುವ ಮೊದಲು ಆ ಒಂದನ್ನು ಹುಡುಕಬೇಕು.

ಹುಡುಕುವ ಜಾಗದಲ್ಲಿ ಅಕ್ಕ ಯಾವಾಗಲೂ ಸಾಮಾನು ತರಿಸುವ ಆನ್‌ಲೈನ್ ಅಂಗಡಿಯ ಹೆಸರು ಹಾಕಿದೆವು. ಆಮೇಲೆ ಬ್ಯಾಂಕಿನ ಹೆಸರು ಹಾಕಿದೆವು. ಸಿಕ್ಕಿತು. ರಾತ್ರಿ 2 ಗಂಟೆ 14 ನಿಮಿಷಕ್ಕೆ ಒಂದು ಆರ್ಡರ್, 2 ಗಂಟೆ 31ಕ್ಕೆ ಇನ್ನೊಂದು. ಮೇಲ್ ಮಳೆ ಶುರುವಾದದ್ದು 2 ಗಂಟೆ 10ಕ್ಕೆ. ಆ ಹೊತ್ತಿನಲ್ಲಿ ಅಕ್ಕ ನಿದ್ದೆಯಲ್ಲಿದ್ದಳು.

ಇಲ್ಲಿ ಒಂದು ಎಚ್ಚರ. 'ನಿಮ್ಮ ಆರ್ಡರ್ ಆಗಿದೆ, ನೀವು ಮಾಡಿಲ್ಲವಾದರೆ ಈ ಲಿಂಕ್ ಒತ್ತಿ, ಈ ನಂಬರ್‌ಗೆ ಕರೆ ಮಾಡಿ' ಎಂದು ಬರುವ ಎಷ್ಟೋ ಮೇಲ್‌ಗಳೇ ಸುಳ್ಳು. ಗಾಬರಿಯಲ್ಲಿ ನೀವು ಪಾಸ್‌ವರ್ಡ್ ಕೊಡಲಿ ಎಂದೇ ಕಳಿಸಿರುತ್ತಾರೆ. ಅದಕ್ಕೆ ಮೇಲ್‌ನಲ್ಲಿರುವ ಲಿಂಕನ್ನು ಮುಟ್ಟಬೇಡಿ. ಅಂಗಡಿಯ ಆ್ಯಪನ್ನು ನೀವೇ ತೆರೆದು ನೋಡಿ, ಬ್ಯಾಂಕಿನ ಲೆಕ್ಕವನ್ನೂ ನೋಡಿ. ಎರಡೂ ಕಡೆ ಏನೂ ಇಲ್ಲದಿದ್ದರೆ ಅದು ಬರೀ ಗಾಳ. ಹಾಗೆಯೇ ಮನೆಯಲ್ಲಿ ಇನ್ಯಾರಾದರೂ ಅದೇ ಖಾತೆ ಬಳಸುತ್ತಾರಾ ಅಂತ ಒಂದು ಮಾತು ಕೇಳಿಬಿಡಿ.

ನಾವು ಆ್ಯಪ್ ತೆರೆದೆವು. ಆರ್ಡರ್ ಪಟ್ಟಿಯಲ್ಲಿ ಏನೂ ಇರಲಿಲ್ಲ. "ನೋಡು, ಸುಳ್ಳು ಮೇಲೇ ಅದು" ಎಂದು ಅಕ್ಕ ಉಸಿರುಬಿಟ್ಟಳು. ಆದರೆ ಕೆಲವು ಅಂಗಡಿಗಳಲ್ಲಿ ಆರ್ಡರನ್ನು ಪಟ್ಟಿಯಿಂದ ಮರೆಮಾಡುವ ಸೌಲಭ್ಯ ಇರುತ್ತದೆ. ಆರ್ಕೈವ್ ಎನ್ನುತ್ತಾರೆ. ಮನೆಯವರಿಗೆ ಗುಟ್ಟಾಗಿ ಉಡುಗೊರೆ ತರಿಸುವವರಿಗೆ ಅನುಕೂಲ ಆಗಲಿ ಎಂದು ಇಟ್ಟದ್ದು ಅದು. ಕಳ್ಳನಿಗೂ ಅದೇ ಅನುಕೂಲ. ಆರ್ಕೈವ್ ತೆರೆದರೆ ಎರಡೂ ಆರ್ಡರ್ ಅಲ್ಲೇ ಕೂತಿದ್ದವು. ಒಂದರಲ್ಲಿ ಮೇಲ್ ಮೂಲಕ ಬರುವ ಎರಡು ಗಿಫ್ಟ್ ಕಾರ್ಡ್, ಇನ್ನೊಂದರಲ್ಲಿ ಒಂದು ಮೊಬೈಲ್ ಫೋನ್. ಫೋನ್ ಹೋಗಬೇಕಿದ್ದ ವಿಳಾಸವನ್ನು ಅಕ್ಕ ಯಾವತ್ತೂ ಕಂಡಿರಲಿಲ್ಲ. ಹಣ ಹೋದದ್ದು ಅಲ್ಲೇ ಉಳಿಸಿಟ್ಟಿದ್ದ ಕ್ರೆಡಿಟ್ ಕಾರ್ಡಿನಿಂದ.

ಬೇರೆ ಏನನ್ನೂ ಒತ್ತುವ ಮೊದಲು ಪರದೆಯ ಚಿತ್ರ ತೆಗೆದುಕೊಂಡೆವು. ಆರ್ಡರ್ ಸಂಖ್ಯೆ, ಸಮಯ, ವಿಳಾಸ, ಕಾರ್ಡಿನ ಕೊನೆಯ ನಾಲ್ಕು ಅಂಕಿ ಎಲ್ಲ ಅದರಲ್ಲಿ ಬರಬೇಕು. ಆರ್ಡರ್ ರದ್ದಾದ ಮೇಲೆ, ವಿಳಾಸ ಅಳಿಸಿದ ಮೇಲೆ, ಇವು ಮತ್ತೆ ಕಾಣುತ್ತವೆ ಎಂದು ನಂಬುವ ಹಾಗಿಲ್ಲ.

ಈಗ ಯಾವುದು ಮೊದಲು? ಇಬ್ಬರಿದ್ದರೆ ಒಬ್ಬರು ಬ್ಯಾಂಕಿಗೆ ಫೋನ್ ಹಚ್ಚಲಿ, ಇನ್ನೊಬ್ಬರು ಖಾತೆ ಹಿಡಿಯಲಿ. ಖಾತೆ ಹಿಡಿಯುವಾಗ ಬಹಳ ಜನ ನೇರವಾಗಿ ಅಂಗಡಿಯ ಪಾಸ್‌ವರ್ಡ್ ಬದಲಿಸುತ್ತಾರೆ. ನನ್ನ ಪ್ರಕಾರ ಅದು ಎರಡನೇ ಕೆಲಸ, ಮೊದಲನೆಯದು ಮೇಲ್. 'ಪಾಸ್‌ವರ್ಡ್ ಮರೆತಿದ್ದೇನೆ' ಎಂದು ಒತ್ತಿದರೆ ಹೊಸ ಪಾಸ್‌ವರ್ಡಿನ ಲಿಂಕ್ ಬರುವುದು ಮೇಲ್‌ಗೇ ಅಲ್ವಾ? ಕಳ್ಳ ಮೇಲ್‌ನೊಳಗೆ ಇದ್ದರೆ ನೀವು ಅಂಗಡಿಗೆ ಎಷ್ಟು ಬೀಗ ಬದಲಿಸಿದರೂ ಹೊಸ ಬೀಗದ ಕೈ ಅವನ ಕೈಗೇ ಹೋಗುತ್ತದೆ.

ಅಕ್ಕನ ವಿಷಯದಲ್ಲಿ ನನಗೆ ಒಂದು ಸಮಾಧಾನ ಇತ್ತು. ಮೇಲ್‌ನೊಳಗೆ ನುಗ್ಗಿದವನಿಗೆ ಮಳೆ ಸುರಿಸುವ ಅಗತ್ಯ ಕಡಿಮೆ. ಆ ಎರಡು ಮೇಲ್‌ಗಳನ್ನು ಸದ್ದಿಲ್ಲದೆ ಅಳಿಸಬಹುದಿತ್ತು. ಅಂದರೆ ಅವನು ಬಹುಶಃ ಹೊರಗೇ ಇದ್ದ. ಆದರೂ ಊಹೆಯನ್ನು ನಂಬಿ ಕೂರಲಿಲ್ಲ. ಮೇಲ್‌ನ ಪಾಸ್‌ವರ್ಡ್ ಬದಲಿಸಿದೆವು. ಸೆಟ್ಟಿಂಗ್ಸ್‌ಗೆ ಹೋಗಿ ಮೂರು ಜಾಗ ನೋಡಿದೆವು. ಮೇಲ್ ಬೇರೆ ವಿಳಾಸಕ್ಕೆ ಫಾರ್ವರ್ಡ್ ಆಗುತ್ತಿದೆಯಾ? ಅಂಗಡಿಯ ಮೇಲ್ ಬಂದರೆ ನೇರ ಕಸದಬುಟ್ಟಿಗೆ ಹಾಕು ಎಂಬ ಫಿಲ್ಟರ್ ಯಾರಾದರೂ ಇಟ್ಟಿದ್ದಾರಾ? ಪಾಸ್‌ವರ್ಡ್ ಮರೆತಾಗ ಬಳಸುವ ಫೋನ್ ನಂಬರ್ ಅಕ್ಕನದೇನಾ? ಮೂರೂ ಸರಿ ಇದ್ದವು.

ಆಮೇಲೆ ಅಂಗಡಿಯ ಖಾತೆ. ಹೊಸ ಪಾಸ್‌ವರ್ಡ್ ಹಾಕಿದ ಕೂಡಲೇ ಕೆಲಸ ಮುಗಿಯಲಿಲ್ಲ. ಒಮ್ಮೆ ಒಳಗೆ ಬಂದವನ ಫೋನಿನಲ್ಲಿ ಲಾಗಿನ್ ಹಾಗೇ ಉಳಿದಿರಬಹುದು. ಪಾಸ್‌ವರ್ಡ್ ಬದಲಾದರೂ ಎಲ್ಲ ಅಂಗಡಿಗಳೂ ಅವನನ್ನು ಹೊರಗೆ ಹಾಕುವುದಿಲ್ಲ. 'ಎಲ್ಲ ಸಾಧನಗಳಿಂದ ಲಾಗ್ ಔಟ್' ಎಂಬುದನ್ನು ಹುಡುಕಿ ಒತ್ತಲೇಬೇಕು. ನಂತರ ಖಾತೆಯಲ್ಲಿರುವ ಫೋನ್ ನಂಬರ್ ಮತ್ತು ವಿಳಾಸಗಳ ಪಟ್ಟಿ ನೋಡಿ. ಉಳಿಸಿಟ್ಟ ಕಾರ್ಡನ್ನು ತೆಗೆದುಬಿಡಿ. ಕಾರ್ಡ್ ಬ್ಲಾಕ್ ಮಾಡಿಸಿದರೆ ಸಾಕಲ್ವಾ ಎಂದು ಅಕ್ಕ ಕೇಳಿದಳು. ಸಾಲದು. ಹೊಸ ಕಾರ್ಡ್ ಬಂದಾಗ ಅದರ ನಂಬರನ್ನು, ಹಳೆಯ ಕಾರ್ಡ್ ಉಳಿಸಿಟ್ಟಿರುವ ಅಂಗಡಿಗಳಿಗೆ ತಾನಾಗಿ ತಲುಪಿಸುವ ವ್ಯವಸ್ಥೆ ಕೆಲವು ಕಾರ್ಡ್ ಕಂಪನಿಗಳಲ್ಲಿದೆ.

ಕೊನೆಗೆ ಎರಡು ಹಂತದ ಪರಿಶೀಲನೆ ಹಾಕಿದೆವು. ಎಸ್ಸೆಮ್ಮೆಸ್‌ನಲ್ಲಿ ಬರುವ ಕೋಡ್ ಇಲ್ಲದ್ದಕ್ಕಿಂತ ಎಷ್ಟೋ ಮೇಲು. ಆದರೆ ಯಾರಾದರೂ ನಿಮ್ಮ ನಂಬರಿಗೆ ಬೇರೆ ಸಿಮ್ ಮಾಡಿಸಿಕೊಂಡರೆ ಅದೂ ಅವರಿಗೇ ಹೋಗುತ್ತದೆ. ನಿಮ್ಮ ಫೋನಿನಲ್ಲೇ ಕೋಡ್ ತಯಾರಿಸುವ ಆ್ಯಪ್ ಇನ್ನೂ ಗಟ್ಟಿ.

ಅವನು ಒಳಗೆ ಬಂದದ್ದು ಹೇಗೆ? ಅಕ್ಕ ಈ ಅಂಗಡಿಗೆ ಇಟ್ಟಿದ್ದ ಪಾಸ್‌ವರ್ಡ್ ಅನ್ನೇ ಹಿಂದೆಂದೋ ಒಂದು ಫೋಟೋ ಮುದ್ರಿಸಿಕೊಡುವ ಸೈಟಿಗೂ ಇಟ್ಟಿದ್ದಳು. ಆ ಸೈಟಿನ ಮಾಹಿತಿ ಸೋರಿತ್ತು. ಸೋರಿದ ಪಟ್ಟಿ ಹಿಡಿದು ಅದೇ ಮೇಲ್, ಅದೇ ಪಾಸ್‌ವರ್ಡನ್ನು ಅಂಗಡಿ ಅಂಗಡಿಗೂ ಹಾಕಿ ನೋಡುವ ಪ್ರೋಗ್ರಾಂಗಳಿವೆ. ನಿಮ್ಮ ಮೇಲ್ ವಿಳಾಸ ಇಂಥ ಸೋರಿಕೆಯಲ್ಲಿ ಇದೆಯಾ ಎಂದು ನೋಡಲು ಟ್ರಾಯ್ ಹಂಟ್ ಎಂಬ ಆಸ್ಟ್ರೇಲಿಯಾದ ತಜ್ಞರು 2013ರಲ್ಲಿ ಶುರು ಮಾಡಿದ ಸೈಟ್ ಇದೆ, haveibeenpwned.com. ಅಲ್ಲಿ ಮೇಲ್ ವಿಳಾಸ ಹಾಕಿದರೆ ಸಾಕು. ಅಕ್ಕನ ವಿಳಾಸ ಹಾಕಿದಾಗ ಆ ಫೋಟೋ ಸೈಟಿನ ಹೆಸರು ಬಂತು.

ಇನ್ನು ಹಣದ ಮಾತು. ಫೋನಿನ ಆರ್ಡರ್ ಇನ್ನೂ ಅಂಗಡಿಯ ಗೋದಾಮು ಬಿಟ್ಟಿರಲಿಲ್ಲ. ರದ್ದು ಮಾಡಿದೆವು. ಗಿಫ್ಟ್ ಕಾರ್ಡ್ ಹಾಗಲ್ಲ. ಅದರ ಕೋಡ್ ನಿಮಿಷಗಳಲ್ಲೇ ಅವನ ಮೇಲ್‌ಗೆ ಹೋಗಿರುತ್ತದೆ. ಕಳ್ಳರಿಗೆ ಅದು ಇಷ್ಟ ಆಗುವುದೇ ಅದಕ್ಕೆ. ಪಾರ್ಸಲ್ ಬೇಡ, ವಿಳಾಸ ಬೇಡ. ಆದರೆ ಖರ್ಚಾಗದೆ ಉಳಿದ ಕಾರ್ಡನ್ನು ಅಂಗಡಿಯವರು ತಡೆಹಿಡಿಯಬಹುದು. ಅದಕ್ಕೇ ಅಂಗಡಿಯ ಸಹಾಯವಾಣಿಗೆ ಆ ಬೆಳಿಗ್ಗೆಯೇ ಹೇಳಬೇಕು. ಅದರ ನಂಬರನ್ನು ದಯವಿಟ್ಟು ವೆಬ್‌ನಲ್ಲಿ ಹುಡುಕಬೇಡಿ. ಸುಳ್ಳು ಸಹಾಯವಾಣಿಗಳು ಜಾಹೀರಾತು ಕೊಟ್ಟು ಮೇಲೆ ಕೂತಿರುತ್ತವೆ. ಆ್ಯಪ್‌ನೊಳಗಿನ ಸಹಾಯದ ಜಾಗದಿಂದಲೇ ಹೋಗಿ. ಓಟಿಪಿ ಕೇಳುವವರು, ನಿಮ್ಮ ಪರದೆ ನೋಡಲು ಆ್ಯಪ್ ಹಾಕಿಸುವವರು ಅಂಗಡಿಯವರಲ್ಲ. ಅಕ್ಕ ಹೇಳುವಷ್ಟರಲ್ಲಿ ಒಂದು ಗಿಫ್ಟ್ ಕಾರ್ಡ್ ಖರ್ಚಾಗಿತ್ತು. ಇನ್ನೊಂದನ್ನು ತಡೆದರು.

ಬ್ಯಾಂಕಿನವರ ಹತ್ತಿರ ಮಾತನಾಡುವಾಗ ಒಂದು ತಪ್ಪು ಆಗುವುದರಲ್ಲಿತ್ತು. "ನನಗೆ ಸಾಮಾನು ಬಂದಿಲ್ಲ" ಅಂದಳು ಅಕ್ಕ. ಮಾತೇನೋ ನಿಜವೇ. ಆದರೆ ಬ್ಯಾಂಕಿನಲ್ಲಿ ಅದು ಬೇರೆಯೇ ಜಾತಿಯ ದೂರು. ಹಾಗೆ ದಾಖಲಾದರೆ ಅಂಗಡಿಯವರು 'ಇಂಥ ದಿನ ತಲುಪಿಸಿದ್ದೇವೆ' ಎಂಬ ದಾಖಲೆ ಕೊಡುತ್ತಾರೆ, ದೂರು ಅಲ್ಲಿಗೇ ಬಿದ್ದುಹೋಗುತ್ತದೆ. ನಾನು ಕೈಸನ್ನೆ ಮಾಡಿ ತಿದ್ದಿದೆ. ಹೇಳಬೇಕಾದ ಮಾತು ಇಷ್ಟೇ: "ಈ ವ್ಯವಹಾರ ನಾನು ಮಾಡಿಲ್ಲ. ಯಾರಿಗೂ ಒಪ್ಪಿಗೆ ಕೊಟ್ಟಿಲ್ಲ. ನನ್ನ ಖಾತೆಗೆ ಬೇರೆಯವರು ನುಗ್ಗಿದ್ದಾರೆ." ಆಮೇಲೆ ಕಾರ್ಡ್ ಬ್ಲಾಕ್ ಮಾಡಿಸಿ ದೂರಿನ ಸಂಖ್ಯೆ ಬರೆದುಕೊಳ್ಳಿ.

ಬ್ಯಾಂಕಿಗೆ ತಿಳಿಸುವುದು ಒಂದು, ಹಣ ವಾಪಸ್ ಕೇಳುವ ಅರ್ಜಿ ಇನ್ನೊಂದು. ತಿಳಿಸುವುದು ಅವತ್ತೇ ಆಗಬೇಕು. ತಡವಾದಷ್ಟೂ ನಷ್ಟ ನಿಮ್ಮ ತಲೆಗೆ ಬರುವ ಸಾಧ್ಯತೆ ಜಾಸ್ತಿ. ಅರ್ಜಿಗೆ ವೀಸಾ, ಮಾಸ್ಟರ್‌ಕಾರ್ಡ್ ನಿಯಮಗಳಲ್ಲಿ ಸಾಮಾನ್ಯವಾಗಿ 120 ದಿನದ ಗಡುವು ಇರುತ್ತದೆ. ಆದರೆ ಅದು ಬ್ಯಾಂಕಿಗೆ ಇರುವ ಗಡುವು. ನಿಮಗೆ ಬ್ಯಾಂಕ್ ಅದಕ್ಕಿಂತ ಕಡಿಮೆ ದಿನ ಕೊಡಬಹುದು, ಕೇಳಿ ತಿಳಿದುಕೊಳ್ಳಿ. ನಡುವೆ ಬ್ಯಾಂಕ್ ತಾತ್ಕಾಲಿಕವಾಗಿ ಹಣ ಜಮಾ ಮಾಡಿದರೆ ಅದನ್ನು ಖರ್ಚು ಮಾಡಬೇಡಿ. ವಿಚಾರಣೆ ನಿಮ್ಮ ವಿರುದ್ಧ ಹೋದರೆ ಅದನ್ನು ವಾಪಸ್ ತೆಗೆದುಕೊಳ್ಳುತ್ತಾರೆ. ಅಂಗಡಿ ಮರಳಿಸಿದ ಹಣಕ್ಕೆ ಬ್ಯಾಂಕಿನಲ್ಲೂ ಅರ್ಜಿ ಹಾಕಬೇಡಿ. ಒಂದೇ ಹಣ ಎರಡು ಕಡೆಯಿಂದ ಬಂದರೆ ನಿಮ್ಮ ಉಳಿದ ಅರ್ಜಿಯ ಮೇಲೂ ಅನುಮಾನ ಬರುತ್ತದೆ.

ಇನ್ನೊಂದು ಬಗೆಯೂ ಇದೆ. ನೀವು ಮಾಡದ ಆರ್ಡರ್ ನಿಮ್ಮ ಮನೆಗೇ ಬರುತ್ತದೆ. ಸ್ವಲ್ಪ ಹೊತ್ತಿಗೆ ಒಬ್ಬರು ಬಂದು "ತಪ್ಪಿ ಬಂದಿದೆ, ವಾಪಸ್ ಕೊಡಿ" ಎನ್ನುತ್ತಾರೆ. ಕೊಡಬೇಡಿ. ಅಂಗಡಿಯ ಆ್ಯಪ್‌ನಲ್ಲಿ ದಾಖಲಾದ ವಾಪಸಾತಿಗೆ ಬಿಟ್ಟು ಬೇರೆ ಯಾರಿಗೂ ಆ ಪೊಟ್ಟಣ ಕೊಡಬಾರದು.

ಅಕ್ಕನಿಗೆ ಫೋನಿನ ಹಣ ಆರನೇ ದಿನ ಬಂತು. ಅಂಗಡಿ ಕಳಿಸಿದ್ದು ಬ್ಲಾಕ್ ಆಗಿದ್ದ ಹಳೆಯ ಕಾರ್ಡಿಗೆ. ಬ್ಯಾಂಕ್ ಅದನ್ನು ಹೊಸ ಕಾರ್ಡಿನ ಲೆಕ್ಕಕ್ಕೆ ಹಾಕಿತು. ತಡೆದ ಗಿಫ್ಟ್ ಕಾರ್ಡಿನ ಹಣ ಒಂಬತ್ತನೇ ದಿನ ಬಂತು. ಖರ್ಚಾದ ಗಿಫ್ಟ್ ಕಾರ್ಡಿಗೆ ಬ್ಯಾಂಕಿನಲ್ಲೇ ಅರ್ಜಿ ಹಾಕಿದೆವು. ಅವರು ಪೊಲೀಸ್ ದೂರಿನ ಪ್ರತಿ ಕೇಳಿದರು, ಪರದೆಯ ಚಿತ್ರಗಳನ್ನು ಎರಡು ಸಲ ಕೇಳಿದರು. ಮೊದಲ ದಿನವೇ ತೆಗೆದಿಟ್ಟಿದ್ದರಿಂದ ಎರಡು ಸಲವೂ ಕೊಟ್ಟೆವು. ನಲವತ್ತೇಳನೇ ದಿನ ಅದೂ ಬಂತು. ಅಕ್ಕ ಫ್ರಿಜ್‌ನ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ದೂರಿನ ಸಂಖ್ಯೆಗೆ ಅಡ್ಡಗೆರೆ ಎಳೆದು ನನಗೆ ಫೋನ್ ಮಾಡಿದಳು.

ನಮಸ್ಕಾರ.