ಮೂವತ್ತೈದು-ನಲವತ್ತೈದರ ನಾಲ್ಕು ಮನೆ

ಕೇಳುಗರಿಗೆ ನಮಸ್ಕಾರ. ಬಳ್ಳಾರಿ, ರಾಯಚೂರು, ಕೊಪ್ಪಳದ ವೈದ್ಯಕೀಯ ಕಾಲೇಜುಗಳಲ್ಲಿ ಮೊದಲ ವರ್ಷ ಓದುತ್ತಿರುವ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಇವತ್ತು ಮಾತಾಡುತ್ತೇನೆ. ನಾನು ಬಳ್ಳಾರಿಯಲ್ಲಿ ಬಹಳ ವರ್ಷ ಶರೀರಕ್ರಿಯಾಶಾಸ್ತ್ರ ಹೇಳಿಕೊಟ್ಟವನು. ಪರೀಕ್ಷೆ ಹತ್ತಿರ ಬಂದಾಗ ಹುಡುಗರು ಕೇಳುತ್ತಿದ್ದ ಮಾತು ಒಂದೇ: "ಸರ್, ಇಷ್ಟೊಂದು ನಾರ್ಮಲ್ ವ್ಯಾಲ್ಯೂ ಹೆಂಗ ನೆನಪಿಟ್ಕೊಳ್ಳೋದ್ರಿ?"

ಒಂದು ಜೋಡಿ ಅಂಕಿಯಿಂದ ಶುರು ಮಾಡಿ: 35 ಮತ್ತು 45. ಅಪಧಮನಿಯ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಒತ್ತಡ 35ರಿಂದ 45, ಪಾದರಸದ ಮಿಲಿಮೀಟರ್‌ನಲ್ಲಿ. ಮುಂದೆ ಒಂದು ನೂರು ಸೇರಿಸಿ, 135ರಿಂದ 145. ಅದು ಸೋಡಿಯಂ, ಲೀಟರಿಗೆ ಮಿಲಿಮೋಲ್. ನೂರರ ಬದಲು ಏಳು ಮತ್ತು ಒಂದು ಚುಕ್ಕೆ ಇಟ್ಟರೆ 7.35ರಿಂದ 7.45, ಅದು ಪಿಎಚ್, ಅದಕ್ಕೆ ಮಾನವೇ ಇಲ್ಲ. ನಾಲ್ಕನೆಯ ಮನೆ ಹೈಡ್ರೋಜನ್ ಅಯಾನಿನದು. ಅದೂ 35ರಿಂದ 45, ಆದರೆ ಲೀಟರಿಗೆ ನ್ಯಾನೋಮೋಲ್.

ಈ ಮಾನದ ಹತ್ತಿರ ಸ್ವಲ್ಪ ನಿಲ್ಲಬೇಕು. ಸೋಡಿಯಂ 140 ಮಿಲಿಮೋಲ್, ಹೈಡ್ರೋಜನ್ 40 ನ್ಯಾನೋಮೋಲ್ ಎಂದು ಬಾಯಿಪಾಠ ಮಾಡಿದವರಿಗೆ ಎರಡೂ ಅಕ್ಕಪಕ್ಕದ ಅಂಕಿಗಳಂತೆ ಕಾಣುತ್ತವೆ. ಭಾಗಿಸಿ ನೋಡಿ: ಒಂದು ಹೈಡ್ರೋಜನ್ ಅಯಾನಿಗೆ 35 ಲಕ್ಷ ಸೋಡಿಯಂ ಅಯಾನುಗಳಿವೆ. ಮಾನ ಬರೆಯದ ಉತ್ತರಕ್ಕೆ ನಾನು ಅಂಕ ಕೊಡುತ್ತಿರಲಿಲ್ಲ ಎಂದರೆ ಕಾರಣ ಇದೇ.

ಪಿಎಚ್‌ನಿಂದ ಹೈಡ್ರೋಜನ್‌ಗೆ ಹೋಗಲು ಸುಲಭದ ದಾರಿಯೊಂದಿದೆ. ಚುಕ್ಕೆಯ ನಂತರದ ಎರಡಂಕಿಯನ್ನು 80ರಿಂದ ಕಳೆಯಿರಿ. 7.40ಕ್ಕೆ 40. 7.35ಕ್ಕೆ 45. 7.45ಕ್ಕೆ 35. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ ಎನ್ನುವುದೂ ಇದರಲ್ಲೇ ನೆನಪಾಗುತ್ತದೆ.

ಇನ್ನು ಬೇಕಾದದ್ದು ಬೈಕಾರ್ಬನೇಟ್. ಅದು ಲೀಟರಿಗೆ 22ರಿಂದ 26 ಮಿಲಿಮೋಲ್, ನಡುವಿನ ಅಂಕಿ 24. ಈ 24 ಇನ್ನೊಂದು ಕಡೆಯೂ ಕೆಲಸಕ್ಕೆ ಬರುತ್ತದೆ. ಕಾರ್ಬನ್ ಡೈಆಕ್ಸೈಡ್ ಒತ್ತಡವನ್ನು 24ರಿಂದ ಗುಣಿಸಿ ಬೈಕಾರ್ಬನೇಟ್‌ನಿಂದ ಭಾಗಿಸಿದರೆ ಹೈಡ್ರೋಜನ್ ಸಿಗುತ್ತದೆ. 40 ಇಂಟು 24, ಭಾಗಿಸು 24, ಉತ್ತರ 40.

ತರಗತಿಯಲ್ಲಿ ನಾನು ಕೊಡುತ್ತಿದ್ದ ಒಂದು ಲೆಕ್ಕ ಕೇಳಿ. ಸಿರುಗುಪ್ಪ ಕಡೆ ಭತ್ತದ ನಾಟಿಗೆ ಹೋಗುವ ಹೆಣ್ಣುಮಗಳು. ಎರಡು ದಿನದಿಂದ ಭೇದಿ, ಉಸಿರು ಜೋರಾಗಿದೆ. ರಿಪೋರ್ಟಿನಲ್ಲಿ ಬೈಕಾರ್ಬನೇಟ್ 12, ಕಾರ್ಬನ್ ಡೈಆಕ್ಸೈಡ್ ಒತ್ತಡ 26, ಪಿಎಚ್ 7.28. ಭೇದಿಯ ಜೊತೆ ಬೈಕಾರ್ಬನೇಟ್ ಹೊರಗೆ ಹೋಗಿದೆ, ರಕ್ತ ಆಮ್ಲದ ಕಡೆ ವಾಲಿದೆ, ಶ್ವಾಸಕೋಶ ಕಾರ್ಬನ್ ಡೈಆಕ್ಸೈಡನ್ನು ಹೊರಹಾಕಿ ಸರಿದೂಗಿಸುತ್ತಿದೆ. ಲೆಕ್ಕ ಹೊಂದುತ್ತದೆಯೇ? 26 ಇಂಟು 24, ಭಾಗಿಸು 12, ಬಂತು 52. ಪಿಎಚ್‌ನಿಂದಲೂ ನೋಡಿ: 80ರಲ್ಲಿ 28 ಕಳೆದರೆ 52. ಹೊಂದಿತು.

ಒಮ್ಮೆ ಇದೇ ಲೆಕ್ಕವನ್ನು ಬೋರ್ಡಿನಿಂದ ಬರೆದುಕೊಳ್ಳುವಾಗ ಒಬ್ಬ ಹುಡುಗ 7.28ನ್ನು 7.38 ಎಂದು ಬರೆದ. "ಪಿಎಚ್ ನಾರ್ಮಲ್ ಐತ್ರಿ ಸರ್" ಎಂದ. ಅವನು ಕಲಿತ ಮಿತಿಯ ಪ್ರಕಾರ ಅವನ ಮಾತು ಸರಿಯೇ, 7.38 ಮಿತಿಯೊಳಗೇ ಇದೆ. ಆದರೆ 80ರಲ್ಲಿ 38 ಹೋದರೆ 42. ಉಳಿದ ಎರಡು ಅಂಕಿಗಳು 52 ಎನ್ನುತ್ತಿವೆ. ಮೂರರಲ್ಲಿ ಯಾವುದೋ ಒಂದು ತಪ್ಪು. ಅವನು ಲೆಕ್ಕ ಮಾಡಿದ, ತಲೆಯೆತ್ತಿ ಬೋರ್ಡ್ ನೋಡಿದ, ತಾನೇ ತಿದ್ದಿಕೊಂಡ. ವಾರ್ಡಿನಲ್ಲಿ ಹೀಗೆ ಹೊಂದದಿದ್ದರೆ ಬರೆದುಕೊಂಡದ್ದನ್ನು ಮೊದಲು ಮೂಲ ರಿಪೋರ್ಟಿನ ಜೊತೆ ಹೋಲಿಸಿ. ಆದರೆ ಸಿರಿಂಜಿನಲ್ಲಿ ಗಾಳಿಗುಳ್ಳೆ ಉಳಿದಿದ್ದರೆ ಈ ಲೆಕ್ಕಕ್ಕೆ ಅದು ಸಿಕ್ಕುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗಿ ಒತ್ತಡ ಇಳಿಯುತ್ತದೆ, ಪಿಎಚ್ ಅದರ ಜೊತೆಗೇ ಏರುತ್ತದೆ, ಅಂಕಿಗಳು ತಮ್ಮತಮ್ಮಲ್ಲಿ ಹೊಂದಿಕೊಂಡೇ ಇರುತ್ತವೆ. ಅದನ್ನು ರಕ್ತ ತೆಗೆಯುವಾಗಲೇ ಕಣ್ಣಿಟ್ಟು ನೋಡಬೇಕು.

80ರ ದಾರಿಗೂ ಎಲ್ಲೆ ಇದೆ. 7.25ರಿಂದ 7.50ರವರೆಗೆ ನಂಬಬಹುದು. ಆ ಹೆಣ್ಣುಮಗಳು ಉಸಿರಾಡಿ ಸುಸ್ತಾಗಿ, ಬೈಕಾರ್ಬನೇಟ್ 12ರಲ್ಲೇ ಇದ್ದು, ಕಾರ್ಬನ್ ಡೈಆಕ್ಸೈಡ್ ಒತ್ತಡ 40ಕ್ಕೆ ಬಂತು ಎಂದುಕೊಳ್ಳಿ. ಸೂತ್ರದ ಪ್ರಕಾರ ಹೈಡ್ರೋಜನ್ 80, ಪಿಎಚ್ ಸುಮಾರು 7.10. ಕಳೆಯುವ ದಾರಿ ಹಿಡಿದರೆ 70 ಎಂದು ತಪ್ಪು ಬರುತ್ತದೆ. ಇಲ್ಲಿ ಸೂತ್ರವನ್ನೇ ನಂಬಿ. ಮತ್ತೆ ಆ 40ನ್ನು ನೋಡಿ. ಪುಸ್ತಕದ ಪಟ್ಟಿಯಲ್ಲಿ ಅದು ಮಿತಿಯ ನಟ್ಟನಡುವಿನ ಅಂಕಿ. ಅವಳಿಗೆ ಇರಬೇಕಾದದ್ದು 26ರ ಆಸುಪಾಸು. 40 ಬಂದಿದೆ ಎಂದರೆ ಉಸಿರು ಸೋಲುತ್ತಿದೆ, ಓಡಿಹೋಗಿ ಹಿರಿಯ ಡಾಕ್ಟರನ್ನು ಕರೆಯಿರಿ.