ಟ್ರೆಡ್‌ಮಿಲ್ ನಿಂತರೆ ಬೋರ್ಡಿಗಿಂತ ಮೊದಲು ಬೆಲ್ಟ್ ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಕರಾವಳಿಯಲ್ಲಿ ಜೂನ್ ಬಂತೆಂದರೆ ಬೆಳಗಿನ ನಡಿಗೆ ಬಂದ್. ಕಾರವಾರದ ಕಡಲ ದಂಡೆಯಲ್ಲಿ ಕೊಡೆ ಹಿಡಿದು ನಡೆಯುವವರು ಒಬ್ಬಿಬ್ಬರು ಸಿಗಬಹುದು, ಉಳಿದವರೆಲ್ಲ ಮನೆಯ ಮೂಲೆಯಲ್ಲಿದ್ದ ಟ್ರೆಡ್‌ಮಿಲ್ ಮೇಲೆ ಹಾಕಿದ ಬಟ್ಟೆ ತೆಗೆದು ಅದನ್ನು ಚಾಲೂ ಮಾಡುತ್ತಾರೆ. ಹದಿನೈದು ದಿನ ಕಳೆಯುವುದರೊಳಗೆ ನಮ್ಮಂಥ ರಿಪೇರಿಯವರಿಗೆ ಫೋನ್ ಬರಲು ಶುರು. ಎಲ್ಲರ ಮಾತೂ ಹೆಚ್ಚುಕಡಿಮೆ ಒಂದೇ: "ನಡೀತಾ ನಡೀತಾ ನಿಂತೋಯ್ತು, ಪರದೆ ಮೇಲೆ ಏನೋ ಎರರ್ ಬಂತು, ಬಿಸಿ ವಾಸನೆ ಬರ್ತದೆ."

ಕುಮಟಾದ ಒಂದು ಮನೆಯ ಸಂಗತಿ ಹೇಳುತ್ತೇನೆ. ನಿವೃತ್ತ ಅಕ್ಕೋರು ಒಬ್ಬರು, ತೂಕ ಅರವತ್ತು ಕಿಲೋ ಆಸುಪಾಸು, ಮೊಣಕಾಲು ನೋವಿನಿಂದಾಗಿ ಗಂಟೆಗೆ 3 ಕಿಲೋಮೀಟರ್ ವೇಗದಲ್ಲಿ ಮೆಲ್ಲಗೆ ನಡೆಯುವವರು. ಯಂತ್ರ ಮೊದಲ ಹತ್ತು ನಿಮಿಷ ಸರಿಯಾಗೇ ಓಡುತ್ತದೆ. ಆಮೇಲೆ ಪ್ರತಿ ಹೆಜ್ಜೆಗೂ ಬೆಲ್ಟ್ ಒಂದು ಚೂರು ತಡೆದ ಹಾಗೆ ಆಗಿ, ಮುಂದಿನ ಮುಚ್ಚಳದ ಕಡೆಯಿಂದ ಕಮಟು ವಾಸನೆ ಬಂದು, ಎರರ್ ತೋರಿಸಿ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟು ಹಚ್ಚಿದರೆ ಮತ್ತೆ ಓಡುತ್ತದೆ. ಹಿಂದಿನ ವರ್ಷ ಯಾರೋ ಬಂದು ಮೋಟಾರನ್ನು ನಡೆಸುವ ಕಂಟ್ರೋಲರ್ ಬೋರ್ಡು ಬದಲಿಸಿ ಹೋಗಿದ್ದರು. ಅಕ್ಕೋರು ಈ ಸಲವೂ, "ತಮಾ, ಬೋರ್ಡೇ ಹೋಗಿರ್ಬೇಕು, ಹೊಸಾದು ತಂದು ಹಾಕಿಬಿಡು ಮಾರಾಯಾ" ಅಂದರು.

ಬೋರ್ಡು ಹಾಕುವ ಮೊದಲು ಪರದೆಯ ಎರರ್ ಏನು ಹೇಳುತ್ತದೆ ಅಂತ ನೋಡೋಣ. ಒಂದು ಕಂಪನಿಯ E1 ಇನ್ನೊಂದು ಕಂಪನಿಯ E1 ಅಲ್ಲ. ಅರ್ಥ ಬೇಕಾದರೆ ಆ ಯಂತ್ರದ ಪುಸ್ತಕವನ್ನೇ ತೆರೆಯಬೇಕು. ಅಲ್ಲಿಯೂ ಸಿಗುವುದು ರೋಗದ ಹೆಸರಲ್ಲ, ಲಕ್ಷಣ ಮಾತ್ರ. ಮೋಟಾರು ಬೇಡಿದ ಕರೆಂಟು ಮಿತಿ ಮೀರಿತು, ಇಲ್ಲವೇ ವೇಗ ತಿಳಿಸುವ ಸೆನ್ಸರಿನಿಂದ ಸಂಕೇತ ತಪ್ಪಿತು, ಅಷ್ಟನ್ನೇ ಕಂಟ್ರೋಲರು ಬಲ್ಲದು. ಬೆಲ್ಟ್ ಬಿಗಿಯಾಗಿ ಎಳೆದರೂ ಕರೆಂಟು ಏರುತ್ತದೆ, ಮೋಟಾರಿನ ಒಳಗೆ ಕೆಟ್ಟರೂ ಏರುತ್ತದೆ. ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಶ್ ಸವೆದು ಮೋಟಾರು ತಡವರಿಸಿದರೂ ವೇಗದ ಎರರ್, ಸೆನ್ಸರಿನ ತಂತಿ ಕಿತ್ತುಬಂದರೂ ಅದೇ ಎರರ್. ಹೀಗಿರುವಾಗ ಎರರ್ ನೋಡಿಯೇ ಬೋರ್ಡಿಗೆ ಆರ್ಡರ್ ಕೊಡುವವರನ್ನು ನಾನು ನಂಬುವುದಿಲ್ಲ.

ಎರರ್‌ಗಿಂತ ಹೆಚ್ಚು ತಿಳಿಸುವುದು ಅದು ಬರುವ ಹೊತ್ತು. ಸ್ವಲ್ಪ ಹೊತ್ತು ಓಡಿ, ಮನುಷ್ಯನ ಭಾರ ಇದ್ದಾಗ ಮಾತ್ರ ನಿಂತು, ತಣ್ಣಗಾದ ಮೇಲೆ ಮತ್ತೆ ಓಡಿದರೆ ಮೊದಲ ಅನುಮಾನ ಬೆಲ್ಟಿನ ಎಳೆತದ ಮೇಲೆ. ಹೊತ್ತುಗೊತ್ತಿಲ್ಲದೆ ಜರ್ಕ್ ಹೊಡೆದು ನಿಲ್ಲುವುದು, ಒಮ್ಮೆ ಶುರುವಾಗುವುದು, ಒಮ್ಮೆ ಇಲ್ಲ, ಕೈಯಿಂದ ಚೂರು ತಿರುಗಿಸಿ ಹಚ್ಚಿದರೆ ಓಡುವುದು, ಇದು ಬ್ರಶ್ಶಿನ ಚಾಳಿ. ಸ್ವಿಚ್ ಹಾಕಿದ ಕೂಡಲೇ ಬೆಲ್ಟ್ ಅಲ್ಲಾಡದೆ ಎರರ್ ಬಂದರೆ, ಇಲ್ಲವೇ ಶುರುವಿನಲ್ಲೇ ಬೆಲ್ಟ್ ಎಗರಿ ಪೂರ್ತಿ ವೇಗಕ್ಕೆ ಹೋಗಿ ನಿಂತರೆ, ಆಗ ಕಂಟ್ರೋಲರಿನ ಕಡೆ ನೋಡಬೇಕು. ಅಕ್ಕೋರ ಯಂತ್ರ ಮೊದಲನೆಯ ಜಾತಿಯದು.

ಮುಚ್ಚಳ ಬಿಚ್ಚುವ ಮೊದಲು ಪ್ಲಗ್ ಕಿತ್ತು, ಕೆಲವು ನಿಮಿಷ ಸುಮ್ಮನೆ ಕೂರಬೇಕು. ಬೋರ್ಡಿನ ಮೇಲಿರುವ ದೊಡ್ಡ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಮೀರಿದ ಡಿಸಿ ಉಳಿದಿರುತ್ತದೆ. ಅದು ಇಳಿದಿದೆಯೋ ಇಲ್ಲವೋ ಎಂದು ಮೀಟರಿನಲ್ಲಿ ಖಾತ್ರಿ ಮಾಡಿಕೊಳ್ಳದೆ ಒಳಗೆ ಕೈ ಹಾಕಬಾರದು. ಮೀಟರು ಹಿಡಿದು ರೂಢಿ ಇಲ್ಲದವರು ಮುಚ್ಚಳದ ಹೊರಗಿನ ಕೆಲಸ ಮಾತ್ರ ಮಾಡಿದರೆ ಸಾಕು. ಅಂದಹಾಗೆ, ಕಿತ್ತ ಪ್ಲಗ್ಗನ್ನೂ ಒಮ್ಮೆ ಮೂಸಿ ನೋಡಿ. ಸಣ್ಣ ಸಾಕೆಟ್ಟಿಗೆ, ಸಪೂರ ಎಕ್ಸ್‌ಟೆನ್ಶನ್ ವಾಯರಿಗೆ ಇಷ್ಟು ದೊಡ್ಡ ಯಂತ್ರ ಸಿಕ್ಕಿಸಿದ ಮನೆಗಳಲ್ಲಿ ಸುಟ್ಟ ವಾಸನೆ ಬರುವುದು ಎಷ್ಟೋ ಸಲ ಅಲ್ಲಿಂದಲೇ.

ಈಗ ಬೆಲ್ಟು. ಓಡುವ ಬೆಲ್ಟು ಒಂದು ಹಲಗೆಯ ಮೇಲೆ ಜಾರುತ್ತದೆ. ಹಲಗೆಗೂ ಬೆಲ್ಟಿನ ಅಡಿಗೂ ನಡುವೆ ಸಿಲಿಕೋನ್ ಎಣ್ಣೆಯ ತೆಳು ಪದರ ಇರಬೇಕು. ಅದು ಆರಿದಾಗ ನಮ್ಮ ತೂಕವೆಲ್ಲ ಘರ್ಷಣೆಯಾಗಿ ಮೋಟಾರಿನ ಮೇಲೆ ಬೀಳುತ್ತದೆ. ಪ್ಲಗ್ ಕಿತ್ತು, ಬೆಲ್ಟಿನ ಅಂಚು ಎತ್ತಿ, ನಾವು ಹೆಜ್ಜೆ ಊರುವ ಜಾಗದ ಅಡಿ ಬೆರಳು ಹಾಕಿ ನೋಡಿ. ನುಣುಪಾಗಿ ಜಾರಬೇಕು, ಬೆರಳಿಗೆ ಎಣ್ಣೆಯ ಪಸೆ ಹತ್ತಬೇಕು. ಒರಟಾಗಿ, ಒಣಗಿ, ಕರಿ ಪುಡಿ ಹತ್ತಿದರೆ ಎಳೆತ ಅಲ್ಲೇ ಇದೆ. ಬೆಲ್ಟಿನ ನಡುಭಾಗವನ್ನು ಹಲಗೆಯಿಂದ ಎತ್ತಿದರೆ ಎರಡು ಮೂರು ಇಂಚು ಏಳಬೇಕು. ತಂತಿಯ ಹಾಗೆ ಬಿಗಿದಿದ್ದರೆ ಅದೂ ಎಳೆತವೇ, ಜೊತೆಗೆ ರೋಲರಿನ ಬೇರಿಂಗಿಗೂ ಪೆಟ್ಟು. ನಮ್ಮ ಉಪ್ಪುಗಾಳಿಯಲ್ಲಿ ಆ ಬೇರಿಂಗುಗಳು ತುಕ್ಕು ಹಿಡಿದು ಗೊರಗೊರ ಅನ್ನುವುದೂ ಉಂಟು.

ಅಕ್ಕೋರ ಮನೆಯಲ್ಲಿ ಬೆಲ್ಟಿನ ಅಡಿ ಬೆರಳು ಹಾಕಿದರೆ ಅಂಟಂಟು. ವಿಚಾರಿಸಿದಾಗ ಗೊತ್ತಾಯಿತು, ಯಜಮಾನರು ಮನೆಯ ಕೊಬ್ಬರಿ ಎಣ್ಣೆಯನ್ನೇ ಬಿಟ್ಟಿದ್ದರು. ನಮ್ಮ ಕಡೆ ಬಾಗಿಲ ತಿರುಗಣೆಯಿಂದ ಹಿಡಿದು ತಲೆಯ ತನಕ ಎಲ್ಲದಕ್ಕೂ ಅದೇ ಎಣ್ಣೆ ತಾನೇ! ಆದರೆ ಇಲ್ಲಿ ಅದು ಧೂಳನ್ನು ಹಿಡಿದುಕೊಂಡು, ಬಿಸಿಗೆ ಅಂಟಾಗಿ, ಬೆಲ್ಟನ್ನು ಹಲಗೆಗೆ ಅಂಟಿಸುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಕೂಡ ಬೇಡ.

ಒಬ್ಬರು ನಡೆಯುತ್ತಿರುವಾಗ ಮೋಟಾರಿನ ತಂತಿಗೆ ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರು ಹಾಕಿ ನೋಡಿದೆ. ಯಾರೂ ಇಲ್ಲದೆ ಬೆಲ್ಟ್ ಓಡುವಾಗ ಎರಡೂವರೆ ಆಂಪಿಯರ್. ಅಕ್ಕೋರು ಹತ್ತಿ 3 ಕಿಲೋಮೀಟರ್ ವೇಗದಲ್ಲಿ ನಡೆದಾಗ ಸುಮಾರು 9. ಖಾಲಿ ಓಡುವಾಗಿನ ಲೆಕ್ಕ ಸರಿಯಿದ್ದು ಭಾರ ಬಿದ್ದಾಗ ಇಷ್ಟು ಏರಿದರೆ, ಮೋಟಾರು ಬೋರ್ಡುಗಳಿಗಿಂತ ಮೊದಲು ಬೆಲ್ಟು ಹಲಗೆಗಳನ್ನೇ ಹಿಡಿಯಬೇಕು. ಬೆಲ್ಟು ಸಡಿಲಿಸಿ, ಹಲಗೆಯನ್ನೂ ಬೆಲ್ಟಿನ ಅಡಿಯನ್ನೂ ಒರೆಸಿ, ಒಣಗಿಸಿ, ನಡುಭಾಗಕ್ಕೆ ಸಿಲಿಕೋನ್ ಎಣ್ಣೆ ಬಿಟ್ಟು ಮತ್ತೆ ಹದಕ್ಕೆ ಬಿಗಿದ ಮೇಲೆ, ಅದೇ ಅಕ್ಕೋರು, ಅದೇ ವೇಗ, ನಾಲ್ಕೂವರೆ ಆಂಪಿಯರ್. ಕರೆಂಟು ಅರ್ಧಕ್ಕಿಳಿದರೆ ಮೋಟಾರಿನ ಸುರುಳಿಯಲ್ಲಿ ಹುಟ್ಟುವ ಬಿಸಿ ಅರ್ಧವಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಬಿಸಿ ಹುಟ್ಟುವುದು ಕರೆಂಟಿನ ವರ್ಗಕ್ಕೆ ತಕ್ಕ ಹಾಗೆ, ಅದಕ್ಕೆ.

ಇಲ್ಲಿ ಜನ ನಂಬದ ಒಂದು ಸಂಗತಿಯಿದೆ. ಓಡುವ ಹುಡುಗನಿಗಿಂತ ಮೆಲ್ಲಗೆ ನಡೆಯುವ ಹಿರಿಯರೇ ಮೋಟಾರನ್ನು ಹೆಚ್ಚು ಕಾಯಿಸಬಲ್ಲರು. ಮೋಟಾರನ್ನು ತಣಿಸುವ ಫ್ಯಾನು ಅದರ ಕಡ್ಡಿಗೇ ಕೂಡಿಸಿದ್ದು. ಮೋಟಾರು ಮೆಲ್ಲಗೆ ತಿರುಗಿದರೆ ಗಾಳಿಯೂ ಕಮ್ಮಿ. ಒಣಗಿದ ಬೆಲ್ಟಿನ ಎಳೆತ ಮಾತ್ರ ವೇಗ ಕಮ್ಮಿಯಾಯಿತೆಂದು ಕಮ್ಮಿಯಾಗುವುದಿಲ್ಲ. ಹಾಗಾಗಿ "ನಾವು ಜೋರಾಗಿ ಓಡಿಸೋದೇ ಇಲ್ಲ, ಅದಕ್ಕೆ ಹೇಗೆ ಕೆಡ್ತದೆ" ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಹಿಂದಿನ ವರ್ಷದ ಬೋರ್ಡು ಯಾಕೆ ಹೋಗಿತ್ತು ಅನ್ನುವುದಕ್ಕೂ ಉತ್ತರ ಇದರಲ್ಲೇ ಇದೆ. 9 ಆಂಪಿಯರ್ ಮೋಟಾರಿಗೆ ಹೋಗುವುದು ಬೋರ್ಡಿನ ಪವರ್ ಟ್ರಾನ್ಸಿಸ್ಟರಿನ ಮೂಲಕ. ದಿನಾ ಕಾದು ಕಾದು ಅದು ಶಾರ್ಟ್ ಆಯಿತು. ಎಳೆತ ಹಾಗೇ ಉಳಿದಿದ್ದರಿಂದ ಹೊಸ ಬೋರ್ಡೂ ಅದೇ ದಾರಿ ಹಿಡಿದಿತ್ತು. ಕೊಲೆಯಾದವನನ್ನೇ ಕೊಲೆಗಾರ ಅಂದ ಹಾಗಾಯಿತು ಅದು.

ಬೆಲ್ಟು ಸರಿಯಿದ್ದೂ ತೊಂದರೆ ಉಳಿದರೆ ಬ್ರಶ್ ನೋಡುವುದು. ಡಿಸಿ ಮೋಟಾರಿನ ಎರಡು ಬದಿಗೆ ಸ್ಕ್ರೂ ಮುಚ್ಚಳದ ಕೆಳಗೆ ಕಾರ್ಬನ್ ತುಂಡುಗಳಿರುತ್ತವೆ, ಹಿಂದೆ ಸ್ಪ್ರಿಂಗು. ಯಾವ ಬದಿಯದು, ಯಾವ ಮುಖ ಮೇಲೆ ಎಂದು ಗುರುತು ಹಾಕಿಕೊಂಡು ತೆಗೆಯಬೇಕು, ಯಾಕೆಂದರೆ ಅದರ ತುದಿ ಒಳಗೆ ತಿರುಗುವ, ತಾಮ್ರದ ಪಟ್ಟಿಗಳ ಕಮ್ಯುಟೇಟರಿನ ದುಂಡಿಗೆ ಹೊಂದಿಕೊಂಡು ಸವೆದಿರುತ್ತದೆ. ಹೊಸದರ ಮೂರನೇ ಒಂದು ಭಾಗಕ್ಕೆ ಇಳಿದಿದ್ದರೆ ಬದಲಿಸುವ ಕಾಲ. ಉದ್ದ ಸಾಕಷ್ಟಿದ್ದೂ ಕೆಲವೊಮ್ಮೆ ಬ್ರಶ್ ತನ್ನ ಹಿತ್ತಾಳೆ ಗೂಡಿನಲ್ಲಿ ಸಿಕ್ಕಿಕೊಂಡಿರುತ್ತದೆ. ಗೂಡಿಗೆ ಹಸಿರು ಕಿಲುಬು, ಮೇಲೆ ಕಾರ್ಬನ್ ಪುಡಿ. ನಮ್ಮ ತೇವಕ್ಕೆ ಇದು ಸಾಮಾನ್ಯ. ಗೂಡು ಒರೆಸಿದರೆ ಸಾಕು, ಬ್ರಶ್ ಸಲೀಸಾಗಿ ಜಾರುತ್ತದೆ.

ಮೋಟಾರಿನ ಎರಡು ತಂತಿಗಳನ್ನು ಬೋರ್ಡಿನಿಂದ ಬಿಡಿಸಿ ಓಮ್ ಮೀಟರು ಹಿಡಿದು, ಮೋಟಾರನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿ ನೋಡಿ. ಕೆಲವೇ ಓಮ್ ತೋರಿಸುತ್ತಿರಬೇಕು. ಒಂದು ಜಾಗದಲ್ಲಿ ಪೂರ್ತಿ ತೆರೆದುಹೋದರೆ ಬ್ರಶ್ ಅಲ್ಲಿ ಮುಟ್ಟುತ್ತಿಲ್ಲ, ಅಥವಾ ಕಮ್ಯುಟೇಟರಿನ ಒಂದು ಪಟ್ಟಿ ಸುಟ್ಟಿದೆ. ಆರೋಗ್ಯದ ಕಮ್ಯುಟೇಟರು ಚಾಕೊಲೇಟ್ ಬಣ್ಣದ ನುಣುಪು ಮೈಯದು. ಕಪ್ಪು ಸುಟ್ಟ ಪಟ್ಟಿ, ಬೆರಳಿಗೆ ತಾಗುವ ಗೀರು ಕಂಡರೆ ಬರೀ ಬ್ರಶ್ ಹಾಕಿ ಪ್ರಯೋಜನವಿಲ್ಲ. ಹೊಸದೂ ಬೇಗ ಸವೆಯುತ್ತದೆ. ಸಣ್ಣ ಕೊಳೆಗೆ ನಯವಾದ ಗಾಜುಕಾಗದ ಸಾಕು. ಎಮರಿ ಪೇಪರು ಹಾಕಬೇಡಿ, ಅದರ ಪುಡಿ ಪಟ್ಟಿಗಳ ಸಂದಿಯಲ್ಲಿ ಕೂತು ತೊಂದರೆ ಕೊಡುತ್ತದೆ. ಬ್ರಶ್ಶಿನ ವಾಸನೆಯೂ ಬೇರೆ: ಕಿಡಿ ಹಾರುವಾಗಿನ, ಮೂಗಿಗೆ ಚುಚ್ಚುವ ವಾಸನೆ. ಮೋಟಾರಿನ ಸುರುಳಿ ಕಾದರೆ ವಾರ್ನಿಶ್ ಸುಟ್ಟ ಕಮಟು. ಬೆಲ್ಟಿನಡಿಯದು ರಬ್ಬರು, ಮರ ಕಾದ ವಾಸನೆ.

ಕೊನೆಗೆ ಕಂಟ್ರೋಲರು. ಕಪ್ಪಾದ ಬೆಸುಗೆ, ಕರಗಿದ ಕನೆಕ್ಟರು, ಉಬ್ಬಿದ ಕೆಪಾಸಿಟರು ಕಣ್ಣಿಗೇ ಕಾಣುತ್ತವೆ. ಏನೂ ಕಾಣದಿದ್ದರೆ ರಿಪೇರಿಯವರು ಮೋಟಾರು ಬಿಡಿಸಿ ಆ ಜಾಗಕ್ಕೆ 100 ವ್ಯಾಟಿನ ಹಳೆ ಫಿಲಮೆಂಟ್ ಬಲ್ಬು ಕೂಡಿಸುತ್ತಾರೆ. ಎಲ್‌ಇಡಿ ಬಲ್ಬು ಇದಕ್ಕೆ ಆಗುವುದಿಲ್ಲ. ವೇಗ ಏರಿಸಿದ ಹಾಗೆ ಬಲ್ಬು ಮೆಲ್ಲಗೆ ಬೆಳಗಿದರೆ ಬೋರ್ಡು ಬದುಕಿದೆ. ಒತ್ತಿದ ಕೂಡಲೇ ಪೂರ್ತಿ ಬೆಳಗಿದರೆ ಟ್ರಾನ್ಸಿಸ್ಟರು ಶಾರ್ಟ್. ಮೋಟಾರು ತಿರುಗದ ಕಾರಣ ಸೆನ್ಸರಿಗೆ ಸಂಕೇತವಿಲ್ಲದೆ ಕೆಲವೇ ಕ್ಷಣದಲ್ಲಿ ಎರರ್ ಬರುತ್ತದೆ, ಅದಕ್ಕೆ ಗಾಬರಿ ಬೇಡ. ಜೀವಂತ ಕರೆಂಟಿನಲ್ಲಿ ಮಾಡುವ ಪರೀಕ್ಷೆ ಇದು, ಮನೆಯವರು ಕೈಹಾಕಬಾರದು.

ಜಿಮ್ಮುಗಳಲ್ಲಿರುವ ಎಸಿ ಮೋಟಾರಿನ ದೊಡ್ಡ ಯಂತ್ರಗಳಿಗೆ ಬ್ರಶ್ಶೇ ಇರುವುದಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಬೆಲ್ಟು ಮತ್ತು ಮೋಟಾರನ್ನು ನಡೆಸುವ ಡ್ರೈವು ಎರಡೇ.

ಇನ್ನೊಂದು ದೂರು ಮಳೆಗಾಲದಲ್ಲೇ ಬರುವಂಥದು: ಟ್ರೆಡ್‌ಮಿಲ್ ಹಚ್ಚಿದ ಕೂಡಲೇ, ಕರೆಂಟು ಸೋರಿದರೆ ತಾನಾಗಿ ಲೈನ್ ಕಡಿಯುವ ಮನೆಯ ಇಎಲ್‌ಸಿಬಿ ಬೀಳುವುದು. ವರ್ಷಗಟ್ಟಲೆ ಸವೆದ ಬ್ರಶ್ಶಿನ ಪುಡಿ ಮೋಟಾರಿನೊಳಗೆ ಕೂತಿರುತ್ತದೆ. ಕಾರ್ಬನ್ ಕರೆಂಟು ಹರಿಸುವ ವಸ್ತು, ತೇವ ಹೀರಿದಾಗ ಮೋಟಾರಿನ ಮೈಗೆ ಸೋರಿಕೆ ಶುರು. ಇಎಲ್‌ಸಿಬಿ ತೆಗೆಸಿಹಾಕುವ ಬುದ್ಧಿವಂತರೂ ಇದ್ದಾರೆ, ಹಾಗೆ ಮಾಡಿಸಬೇಡಿ. ಬ್ರಶ್ ಬದಲಿಸುವ ದಿನವೇ ಆ ಪುಡಿಯನ್ನು ಮೆತ್ತನೆ ಕುಂಚದಿಂದ ಬಿಡಿಸಿ ವ್ಯಾಕ್ಯೂಮಿನಿಂದ ಎಳೆಸಿ. ಬಾಯಿಂದ ಊದಿದರೆ ಅದು ಪಕ್ಕದ ಬೋರ್ಡಿನ ಮೇಲೆ ಹೋಗಿ ಕೂರುತ್ತದೆ.

ನಮಸ್ಕಾರ.